ಗೆರೆ, ಸುತ್ತು, ಬಣ್ಣ: ಫೋಟೊ ಪುಟದ ಗುರುತುಗಳನ್ನು ಸಾದಾ ಅಕ್ಷರದಲ್ಲಿ ತೋರಿಸಲು ಯಾವ ಕ್ರಮ ಸರಿ?

ನಾನು ದಾವಣಗೆರೆಯಲ್ಲಿ ಡಿಟಿಪಿ ಕೆಲಸ ಮಾಡುತ್ತೇನೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ, ಕಣ್ಣು ಕಾಣದ ಒಬ್ಬ ವಿದ್ಯಾರ್ಥಿನಿಗಾಗಿ ಪಾಠದ ಟಿಪ್ಪಣಿಗಳನ್ನು ಟೈಪ್ ಮಾಡಿಕೊಡುತ್ತಿದ್ದೇನೆ. ಅವರಿಗೆ ಪಾಠ ಹೇಳುವ ಮೇಷ್ಟ್ರು ಚಿತ್ರದುರ್ಗದಲ್ಲಿದ್ದಾರೆ. ಅವರು ಅಚ್ಚಾದ ಪುಟದ ಮೇಲೆ ಪೆನ್ನಿನಲ್ಲಿ ಅಡಿಗೆರೆ ಎಳೆದು, ಇಸವಿಗಳಿಗೆ ಸುತ್ತು ಹಾಕಿ, ಕೆಲವು ಸಾಲುಗಳಿಗೆ ಹಳದಿ ಹೈಲೈಟರ್ ಬಳಿದು, ಮೊಬೈಲಿನಲ್ಲಿ ಫೋಟೊ ತೆಗೆದು ಕಳಿಸುತ್ತಾರೆ. ಅಕ್ಷರಗಳನ್ನಷ್ಟೇ ಟೈಪ್ ಮಾಡಿದರೆ ಮೇಷ್ಟ್ರು ಹಾಕಿದ ಗುರುತುಗಳು ವಿದ್ಯಾರ್ಥಿನಿಗೆ ತಲುಪುವುದಿಲ್ಲ. ಗುರುತುಗಳನ್ನೂ ಸಾದಾ ಅಕ್ಷರದಲ್ಲೇ ತೋರಿಸಬೇಕು, ಮತ್ತು ಅದನ್ನು ಪ್ರತಿ ಪುಟದಲ್ಲೂ ಒಂದೇ ಬಗೆಯಲ್ಲಿ ತೋರಿಸಬೇಕು. ಈ ಕೆಲಸಕ್ಕೆ ಇರುವ ನಾಲ್ಕೈದು ಕ್ರಮಗಳನ್ನು ನಾನು ಬಳಸಿ ನೋಡಿದ್ದೇನೆ. ಯಾವುದು ಎಲ್ಲಿ ಹೊಂದುತ್ತದೆ, ಎಲ್ಲಿ ಕೆಡುತ್ತದೆ ಎಂಬುದನ್ನು ಒಂದೇ ಪುಟದ ತುಣುಕನ್ನು ಇಟ್ಟುಕೊಂಡು ಇಲ್ಲಿ ಹೋಲಿಸಿದ್ದೇನೆ.

ಮೊದಲು ಆ ತುಣುಕನ್ನು ನೋಡೋಣ. ಗುರುತುಗಳನ್ನು ಬಿಟ್ಟು ಬರೆದರೆ ಅದು ಹೀಗಿದೆ:

```
ಚಿತ್ರದುರ್ಗದ ಪಾಳೆಯಗಾರರಲ್ಲಿ ಕೊನೆಯವನಾದ ಮದಕರಿನಾಯಕನಿಂದ
ಹೈದರಾಲಿಯು 1779ರಲ್ಲಿ ಕೋಟೆಯನ್ನು ವಶಪಡಿಸಿಕೊಂಡನು.
ವಾಣಿವಿಲಾಸ ಸಾಗರವನ್ನು (ಮಾರಿಕಣಿವೆ) ವೇದಾವತಿ ನದಿಗೆ
ಅಡ್ಡಲಾಗಿ ಕಟ್ಟಲಾಗಿದೆ.
```

ಇದರ ಮೇಲೆ ಒಟ್ಟು ಐದು ಗುರುತುಗಳಿವೆ. ‘ಕೊನೆಯವನಾದ ಮದಕರಿನಾಯಕನಿಂದ’ ಎಂಬುದರ ಕೆಳಗೆ ನೀಲಿ ಗೆರೆ ಇದೆ. ‘1779’ ಎಂಬ ಅಂಕಿಗಳಿಗೆ ಮಾತ್ರ ಸುತ್ತು ಇದೆ, ‘ರಲ್ಲಿ’ ಅದರ ಹೊರಗಿದೆ. ‘ವಾಣಿವಿಲಾಸ’ದಿಂದ ‘ವೇದಾವತಿ’ಯವರೆಗೆ ಹಳದಿ ಬಣ್ಣವಿದೆ. ಆ ಹಳದಿಯ ಒಳಗೆ ‘ಮಾರಿಕಣಿವೆ’ಗೆ ಸುತ್ತು ಇದೆ. ಕೊನೆಯದಾಗಿ ‘ವೇದಾವತಿ ನದಿಗೆ’ ಎಂಬ ಎರಡು ಪದಗಳ ಕೆಳಗೆ ಗೆರೆ ಇದೆ. ಅದು ಹಳದಿಯ ಒಳಗೆ ಶುರುವಾಗಿ ಹೊರಗೆ ಮುಗಿಯುತ್ತದೆ. ಅಂದರೆ ಎರಡು ಗೆರೆ, ಎರಡು ಸುತ್ತು, ಒಂದು ಬಣ್ಣ. ಯಾವ ಕ್ರಮವನ್ನು ಆರಿಸಿಕೊಂಡರೂ ಟೈಪ್ ಮಾಡುವ ಮೊದಲೇ ಹೀಗೆ ಎಣಿಸಿ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಬೇಕು. ಕೆಲಸ ಮುಗಿದ ಮೇಲೆ ತಾಳೆ ನೋಡಲು ಅದು ಬೇಕಾಗುತ್ತದೆ.

ಎಣಿಕೆ ಸರಿಯಾಗಿ ಬರಬೇಕಾದರೆ ಫೋಟೊ ಬಣ್ಣದಲ್ಲೇ ಇರಬೇಕು. ಸ್ಕ್ಯಾನ್ ಆ್ಯಪ್‌ಗಳಲ್ಲಿರುವ ಕಪ್ಪು-ಬಿಳುಪು ಫಿಲ್ಟರ್ ಅಕ್ಷರಗಳನ್ನು ಚೊಕ್ಕಟಗೊಳಿಸುತ್ತದೆ ನಿಜ, ಆದರೆ ಹಳದಿ ಹೈಲೈಟರನ್ನೂ ತೆಳುವಾದ ಪೆನ್ಸಿಲ್ ಗೆರೆಯನ್ನೂ ಹಾಳೆಯ ಬಿಳುಪಿನ ಜೊತೆಗೇ ಅಳಿಸಿಹಾಕುತ್ತದೆ. ಗುಲಾಬಿ ಅಥವಾ ಹಸಿರು ಹೈಲೈಟರ್ ಆದರೆ ಇದಕ್ಕೆ ವಿರುದ್ಧವಾಗಿ ಕಪ್ಪಾಗಿ, ಕೆಳಗಿನ ಅಕ್ಷರಗಳನ್ನೇ ಮುಚ್ಚಬಹುದು. ಮೇಷ್ಟ್ರಿಗೆ ನಾನು ಕೇಳಿಕೊಂಡದ್ದು ಇದೊಂದನ್ನೇ: ಫಿಲ್ಟರ್ ಹಾಕದೆ ಕಳಿಸಿ ಸರ್, ಮಸುಕಾಗಿದ್ದರೂ ಚಿಂತೆಯಿಲ್ಲ.

ಮೊದಲನೆಯ ಕ್ರಮ ಒಂದೊಂದು ಗುರುತಿಗೂ ಒಂದೊಂದು ಚಿಹ್ನೆಯನ್ನು ಇಡುವುದು. ಗೆರೆಗೆ ಕೆಳಗೆರೆ ಚಿಹ್ನೆ, ಸುತ್ತಿಗೆ ದುಂಡು ಆವರಣ, ಬಣ್ಣಕ್ಕೆ ಎರಡೆರಡು ಸಮ ಚಿಹ್ನೆ. ನಾನೂ ಇದರಿಂದಲೇ ಆರಂಭಿಸಿದ್ದೆ, ಏಕೆಂದರೆ ಬೆರಳಿಗೆ ಸುಲಭ, ಕಣ್ಣಿಗೂ ಆ ಗುರುತಿನ ಆಕಾರವನ್ನೇ ನೆನಪಿಸುತ್ತದೆ.

```
_ಕೊನೆಯವನಾದ ಮದಕರಿನಾಯಕನಿಂದ_ ಹೈದರಾಲಿಯು (1779)ರಲ್ಲಿ
==ವಾಣಿವಿಲಾಸ ಸಾಗರವನ್ನು ((ಮಾರಿಕಣಿವೆ)) _ವೇದಾವತಿ== ನದಿಗೆ_
```

ಎರಡನೆಯ ಸಾಲಿನಲ್ಲೇ ತೊಡಕು ಎದ್ದು ಕಾಣುತ್ತದೆ. ‘ಮಾರಿಕಣಿವೆ’ಯ ಸುತ್ತ ಇರುವ ಎರಡು ಜೊತೆ ಆವರಣಗಳಲ್ಲಿ ಒಂದು ಮುದ್ರಕರದು, ಇನ್ನೊಂದು ಮೇಷ್ಟ್ರ ಪೆನ್ನಿನದು, ಯಾವುದು ಯಾರದು ಎಂದು ಓದುವವರಿಗೆ ತಿಳಿಯುವ ದಾರಿಯೇ ಇಲ್ಲ. ಫೋಟೊದಿಂದ ಅಕ್ಷರ ಎತ್ತುವ ಒಸಿಆರ್ ತಂತ್ರಾಂಶವನ್ನು ಬಳಸುವವರಿಗೆ ಮೂರನೆಯ ಬಗೆಯ ಆವರಣವೂ ಎದುರಾಗುತ್ತದೆ. ಕೈಯಲ್ಲಿ ಹಾಕಿದ ಸುತ್ತಿನ ಎಡಬಲದ ಬಾಗುಗಳನ್ನು ಆ ತಂತ್ರಾಂಶ ಎಷ್ಟೋ ಸಲ ಆವರಣವೆಂದೇ ಓದಿ, ತಾನಾಗಿಯೇ ‘(1779)’ ಎಂದು ಬರೆದುಬಿಡುತ್ತದೆ. ಒಂದು ಕಡೆಯ ಬಾಗು ಮಾತ್ರ ಅದರ ಕಣ್ಣಿಗೆ ಬಿದ್ದರೆ ಜೊತೆಯಿಲ್ಲದ ಒಂಟಿ ಆವರಣ ಉಳಿಯುತ್ತದೆ. ಆದ್ದರಿಂದ ಸುತ್ತಿಗೆ ದುಂಡು ಆವರಣವನ್ನು ಎಂದೂ ಗುರುತಾಗಿ ಇಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಕೆಳಗೆರೆ ಚಿಹ್ನೆಯ ತೊಂದರೆ ಬೇರೆ. ವಾಟ್ಸ್ಆ್ಯಪ್‌ನಲ್ಲಿ ಎರಡು ಕೆಳಗೆರೆಗಳ ನಡುವಿನ ಅಕ್ಷರಗಳು ಓರೆಯಾಗುತ್ತವೆ, ಚಿಹ್ನೆ ಪರದೆಯಿಂದ ಮರೆಯಾಗುತ್ತದೆ. ನಕ್ಷತ್ರ ಚಿಹ್ನೆ ಇಟ್ಟರೆ ಅಕ್ಷರ ದಪ್ಪವಾಗುತ್ತದೆ, ಅಲ್ಲಿಯೂ ಚಿಹ್ನೆ ಮಾಯ. ಸಾದಾ ಅಕ್ಷರದ ನಡುವೆ ಚಿಹ್ನೆಗಳನ್ನಿಟ್ಟು ರೂಪ ಸೂಚಿಸುವ ಮಾರ್ಕ್‌ಡೌನ್ ಬರೆವಣಿಗೆಯಲ್ಲೂ ಒಂಟಿ ಕೆಳಗೆರೆಗೆ ಅಡಿಗೆರೆ ಎಂಬ ಅರ್ಥವಿಲ್ಲ, ಒತ್ತು ಎಂಬ ಅರ್ಥವಿದೆ. ಅಡಿಗೆರೆಗೆಂದು ಅದರ ಮೂಲ ನಿಯಮಗಳಲ್ಲಿ ಚಿಹ್ನೆಯೇ ಇಲ್ಲ, ಎರಡು ಸಮ ಚಿಹ್ನೆಗಳೂ ಕೆಲವು ತಂತ್ರಾಂಶಗಳು ಆಮೇಲೆ ಸೇರಿಸಿಕೊಂಡ ರೂಢಿ ಮಾತ್ರ. ಕನ್ನಡದಲ್ಲಿ ಪ್ರತ್ಯಯ ಪದಕ್ಕೆ ಅಂಟಿಕೊಂಡೇ ಇರುವುದರಿಂದ ಇನ್ನೊಂದು ಎಡವಟ್ಟೂ ಆಗುತ್ತದೆ: `_ಕೋಟೆ_ಯನ್ನು` ಎಂದು ಪದದ ಅರ್ಧಕ್ಕೆ ಗುರುತು ಹಾಕಿದರೆ ಮಾರ್ಕ್‌ಡೌನ್ ಅದನ್ನು ಗುರುತೆಂದೇ ಎಣಿಸದೆ ಚಿಹ್ನೆಗಳನ್ನು ಹಾಗೆಯೇ ಉಳಿಸುತ್ತದೆ. ಹೀಗೆ ಒಂದೇ ಕಡತದಲ್ಲಿ ಕೆಲವು ಗುರುತು ಮಾಯವಾಗಿ, ಕೆಲವು ಚಿಹ್ನೆಯಾಗಿಯೇ ಉಳಿದರೆ ಏಕರೂಪತೆಗೆ ಅರ್ಥವಿರುವುದಿಲ್ಲ.

ಎರಡನೆಯ ಕ್ರಮ ವೆಬ್ ಪುಟದ ಟ್ಯಾಗುಗಳದು. ಅಡಿಗೆರೆಗೆ `<u>`, ಬಣ್ಣಕ್ಕೆ `<mark>` ಇವೆ. ಸುತ್ತಿಗೆ ಟ್ಯಾಗ್ ಇಲ್ಲ. ಬರೆದದ್ದು ಕೊನೆಗೆ ಬ್ರೌಸರಿನಲ್ಲೇ ತೆರೆಯುವುದಾದರೆ ಇದು ಸರಿ, ಸುತ್ತಿಗೆ ನಾವೇ ಬೇರೆ ಏರ್ಪಾಡು ಮಾಡಿಕೊಳ್ಳಬಹುದು. ಆದರೆ ಸಾದಾ ಅಕ್ಷರದ ಕಡತವಾಗಿ ಓದುವವರಿಗೆ ಅದು ಕಸದಂತೆ ಕಾಣುತ್ತದೆ. ನಮ್ಮ ಕಡೆಯ ಅಂಗಡಿಗಳಲ್ಲಿ ಇನ್ನೂ ಒಂದು ಅಡ್ಡಿ ಇದೆ. ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡುವವರು ಇಲ್ಲಿ ಅನೇಕರಿದ್ದಾರೆ. ಆ ಫಾಂಟಿನಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕೃತಿಗಳು ಕೂತಿರುವುದರಿಂದ, ಅಂಥ ಕಡತವನ್ನು ಯೂನಿಕೋಡಿಗೆ ಪರಿವರ್ತಿಸುವಾಗ ಟ್ಯಾಗಿನೊಳಗಿನ ಇಂಗ್ಲಿಷ್ ಅಕ್ಷರಗಳೂ ಕನ್ನಡದ ತುಂಡುಗಳಾಗಿ ಬದಲಾಗುತ್ತವೆ. ಆಮೇಲೆ ಅವನ್ನು ಹುಡುಕಿ ತಿದ್ದುವುದಕ್ಕಿಂತ ಪುಟವನ್ನೇ ಮತ್ತೆ ಟೈಪ್ ಮಾಡುವುದು ಬೇಗ ಮುಗಿಯುತ್ತದೆ.

ಮೂರನೆಯದನ್ನು ಯಾರೂ ಆರಿಸಿಕೊಳ್ಳದಿರಲಿ ಎಂಬ ಕಾರಣಕ್ಕೇ ಇಲ್ಲಿ ಹೇಳುತ್ತಿದ್ದೇನೆ. ಯೂನಿಕೋಡಿನಲ್ಲಿ ಅಕ್ಷರದ ಕೆಳಗೆ ಗೆರೆಯಾಗಿ ಕೂರುವ ಒಂದು ಸೇರ್ಪಡೆ ಚಿಹ್ನೆ ಇದೆ. ಅದರ ಸಂಖ್ಯೆ `U+0332`. ಅಂತರ್ಜಾಲದಲ್ಲಿ ಸಿಗುವ ‘ಅಡಿಗೆರೆ ಅಕ್ಷರ’ ತಯಾರಿಸುವ ಪುಟಗಳು ಇದನ್ನೇ ಪ್ರತಿ ಅಕ್ಷರದ ಹಿಂದೆ ಸೇರಿಸುತ್ತವೆ. ಇಂಗ್ಲಿಷಿನಲ್ಲಿ ಇದು ಒಂದು ಮಟ್ಟಿಗೆ ನಡೆಯುತ್ತದೆ. ಕನ್ನಡದಲ್ಲಿ ‘ದುರ್ಗ’ ಎಂಬ ಎರಡಕ್ಷರದ ಪದವು ಗಣಕದೊಳಗೆ ದ, ಉ-ಕೊಂಬು, ರ, ವಿರಾಮ, ಗ ಎಂಬ ಐದು ಸಂಕೇತಗಳ ಸಾಲು. ಪ್ರತಿಯೊಂದರ ಹಿಂದೆಯೂ ಗೆರೆ ಸೇರಿದರೆ ವಿರಾಮಕ್ಕೂ ‘ಗ’ಕ್ಕೂ ನಡುವೆ ಅದು ನುಗ್ಗಿ, ಹಲವು ಫಾಂಟುಗಳಲ್ಲಿ ಅರ್ಕಾವತ್ತು ಬಿಡಿಯಾಗಿ ಒಡೆಯುತ್ತದೆ ಅಥವಾ ಚುಕ್ಕಿಗಳ ವೃತ್ತ ಮೂಡುತ್ತದೆ. ಕಡತದಲ್ಲಿ ‘ದುರ್ಗ’ ಎಂದು ಹುಡುಕಿದರೆ ಆ ಪದ ಸಿಗುವುದೂ ಇಲ್ಲ, ಏಕೆಂದರೆ ಐದರ ಜಾಗದಲ್ಲಿ ಈಗ ಹತ್ತು ಸಂಕೇತಗಳಿವೆ.

ನಾಲ್ಕನೆಯದು ಚೌಕ ಆವರಣದೊಳಗೆ ಗುರುತಿನ ಹೆಸರನ್ನೇ ಕನ್ನಡದಲ್ಲಿ ಬರೆಯುವ ಕ್ರಮ. ನಾನು ಈಗ ಬಳಸುತ್ತಿರುವುದು ಇದನ್ನೇ.

```
ಚಿತ್ರದುರ್ಗದ ಪಾಳೆಯಗಾರರಲ್ಲಿ [ಗೆರೆ: ಕೊನೆಯವನಾದ ಮದಕರಿನಾಯಕನಿಂದ]
ಹೈದರಾಲಿಯು [ಸುತ್ತು: 1779]ರಲ್ಲಿ ಕೋಟೆಯನ್ನು ವಶಪಡಿಸಿಕೊಂಡನು.
[ಬಣ್ಣ: ವಾಣಿವಿಲಾಸ ಸಾಗರವನ್ನು ([ಸುತ್ತು: ಮಾರಿಕಣಿವೆ]) [ಗೆರೆ: ವೇದಾವತಿ]]
[ಗೆರೆ ಮುಂದು: ನದಿಗೆ] ಅಡ್ಡಲಾಗಿ ಕಟ್ಟಲಾಗಿದೆ.
```

ಮುದ್ರಿತ ದುಂಡು ಆವರಣ ಇಲ್ಲಿ ತನ್ನ ಪಾಡಿಗೆ ತಾನು ಉಳಿದಿದೆ, ಸುತ್ತು ಅದರ ಒಳಗಿದೆ ಎಂಬುದೂ ಸ್ಪಷ್ಟ. ಪುಟದಲ್ಲಿ ಮೊದಲೇ ಚೌಕ ಆವರಣಗಳಿದ್ದರೂ, ನಮ್ಮ ಗುರುತು ‘ಗೆರೆ’, ‘ಸುತ್ತು’, ‘ಬಣ್ಣ’ ಎಂಬ ಮೂರು ಮಾತುಗಳಲ್ಲಿ ಒಂದರಿಂದಲೇ ಶುರುವಾಗಿ ನಂತರ ವಿವರಣ ಚಿಹ್ನೆ ಬರುವುದರಿಂದ ಗೊಂದಲವಾಗುವುದಿಲ್ಲ. ಇದು ನಮ್ಮ ಜಿಲ್ಲೆಯ ಶಾಸನಗಳ ಪಾಠಗಳನ್ನು ಟೈಪ್ ಮಾಡುವವರಿಗೆ ಮುಖ್ಯ. ಶಾಸನ ಸಂಪಾದನೆಯಲ್ಲಿ ಕಲ್ಲಿನ ಮೇಲೆ ಅಳಿದುಹೋದ ಅಕ್ಷರಗಳನ್ನು ಊಹಿಸಿ ತುಂಬಿದಾಗ ಅವನ್ನು ಚೌಕ ಆವರಣದೊಳಗೆ ಇಡುವ ರೂಢಿ ಹಳೆಯದು; ಬರೀ ಚೌಕ ಆವರಣವನ್ನು ನಾವು ಸುತ್ತಿನ ಗುರುತಾಗಿ ಇಟ್ಟರೆ ಮೇಷ್ಟ್ರು ಸುತ್ತು ಹಾಕಿದ ಪದವನ್ನು ಓದುಗರು ಕಲ್ಲಿನಲ್ಲಿ ಇಲ್ಲದ ಪದವೆಂದು ತಿಳಿಯುತ್ತಾರೆ.

ಹಳದಿಯನ್ನು ದಾಟಿ ಹೋಗುವ ಗೆರೆಯನ್ನು ಇಲ್ಲಿ ಎರಡು ತುಂಡು ಮಾಡಿದ್ದೇನೆ. ಬಣ್ಣದ ಒಳಗಿನ ತುಂಡನ್ನು ಅಲ್ಲೇ ಮುಚ್ಚಿ, ಹೊರಗಿನದನ್ನು ‘ಗೆರೆ ಮುಂದು’ ಎಂದು ತೆರೆದಿದ್ದೇನೆ. ಬರೀ ‘ಗೆರೆ’ ಎಂದೇ ಬರೆದಿದ್ದರೆ ಮೇಷ್ಟ್ರು ‘ವೇದಾವತಿ’ಗೊಂದು, ‘ನದಿಗೆ’ಗೊಂದು ಬೇರೆ ಬೇರೆ ಗೆರೆ ಎಳೆದರೆಂಬ ಸುಳ್ಳು ಕಡತದೊಳಗೆ ಸೇರುತ್ತಿತ್ತು, ಚೀಟಿಯಲ್ಲಿ ಬರೆದ ಎಣಿಕೆಯೂ ತಪ್ಪುತ್ತಿತ್ತು. ಈಗ `[ಗೆರೆ:` ಎಂದು ಹುಡುಕಿದರೆ ಎರಡೇ ಸಿಗುತ್ತವೆ, `[ಸುತ್ತು:` ಎರಡು, `[ಬಣ್ಣ:` ಒಂದು. ಚೀಟಿಗೂ ಕಡತಕ್ಕೂ ತಾಳೆಯಾಯಿತು.

ಎರಡನೆಯ ಪರೀಕ್ಷೆ ಇನ್ನೂ ಮುಖ್ಯವಾದದ್ದು: ಗುರುತುಗಳನ್ನೆಲ್ಲ ತೆಗೆದರೆ ಮೂಲ ಪುಟದ ಪಾಠ ಒಂದಕ್ಷರವೂ ವ್ಯತ್ಯಾಸವಿಲ್ಲದೆ ಮರಳಿ ಬರಬೇಕು. ಲಿಬ್ರೆಆಫೀಸ್ ರೈಟರ್‌ನಲ್ಲಿ ಕಡತದ ಒಂದು ನಕಲು ಮಾಡಿಕೊಂಡು, ಹುಡುಕಿ ಬದಲಿಸುವ ಕಿಟಕಿಯನ್ನು `Ctrl+H` ಒತ್ತಿ ತೆರೆದು, `Regular expressions` ಎಂಬ ಆಯ್ಕೆಗೆ ಗುರುತು ಹಾಕಿ, ಮೇಲಿನ ಖಾನೆಯಲ್ಲಿ ಮೊದಲ ಸಾಲನ್ನೂ ಕೆಳಗಿನ ಖಾನೆಯಲ್ಲಿ ಎರಡನೆಯ ಸಾಲನ್ನೂ ಬರೆಯಿರಿ:

```
\[(ಗೆರೆ|ಗೆರೆ ಮುಂದು|ಸುತ್ತು|ಬಣ್ಣ): ([^\[\]]*)\]
$2
```

ಎಲ್ಲವನ್ನೂ ಬದಲಿಸುವ ಗುಂಡಿಯನ್ನು ಒಮ್ಮೆ ಒತ್ತಿದರೆ ಒಳಗಿನ ಗುರುತುಗಳು ಕಳಚುತ್ತವೆ, ಎರಡನೆಯ ಸಲ ಒತ್ತಿದರೆ ಹೊರಗಿನ ಬಣ್ಣ ಕಳಚುತ್ತದೆ. ಮೂರನೆಯ ಸಲಕ್ಕೆ ಏನೂ ಸಿಗಬಾರದು. ಆಮೇಲೂ ‘ಗೆರೆ:’ ಎಂಬುದು ಎಲ್ಲಾದರೂ ಉಳಿದಿದ್ದರೆ ಅಲ್ಲಿ ಮುಚ್ಚುವ ಆವರಣ ಬಿಟ್ಟುಹೋಗಿದೆ, ಇಲ್ಲವೇ ವಿವರಣ ಚಿಹ್ನೆಯ ನಂತರದ ಜಾಗ ತಪ್ಪಿದೆ ಎಂದು ತಿಳಿಯಬೇಕು. ಒಂದು ಮಿತಿಯೂ ಇದೆ: ಬಣ್ಣ ಬಳಿದ ಸಾಲಿನೊಳಗೆ ಮುದ್ರಿತ ಚೌಕ ಆವರಣವೇ ಇದ್ದರೆ ಈ ಸೂತ್ರ ಅಲ್ಲಿ ನಿಂತುಬಿಡುತ್ತದೆ, ಅಂಥದ್ದನ್ನು ಕೈಯಿಂದಲೇ ತೆಗೆಯಬೇಕಾಗುತ್ತದೆ. ಒಂದು ಪ್ಯಾರಾದಿಂದ ಇನ್ನೊಂದಕ್ಕೆ ಹರಿಯುವ ಬಣ್ಣವನ್ನು ಮೊದಲ ಪ್ಯಾರಾದ ಕೊನೆಯಲ್ಲಿ ಮುಚ್ಚಿ ಮುಂದಿನದರಲ್ಲಿ ‘ಬಣ್ಣ ಮುಂದು’ ಎಂದು ತೆರೆಯಬೇಕು, ಆಗ ಆ ಮಾತನ್ನೂ ಸೂತ್ರದೊಳಗೆ ಸೇರಿಸಿಕೊಳ್ಳಬೇಕು.

ಕಿವಿಯಿಂದ ಓದುವವರಿಗೆ ಈ ಕ್ರಮ ಏಕೆ ಹೊಂದುತ್ತದೆ ಎಂಬುದನ್ನು ನಮ್ಮ ವಿದ್ಯಾರ್ಥಿನಿಯಿಂದಲೇ ತಿಳಿದುಕೊಂಡೆ. ಅವರು ಬಳಸುವುದು ಎನ್‌ವಿಡಿಎ ಎಂಬ ಪರದೆ ಓದುವ ತಂತ್ರಾಂಶ. ಅದರಲ್ಲಿ ಚಿಹ್ನೆಗಳನ್ನು ಎಷ್ಟರ ಮಟ್ಟಿಗೆ ಉಚ್ಚರಿಸಬೇಕು ಎಂಬುದಕ್ಕೆ ಹಂತಗಳಿವೆ. ಮೊದಲೇ ಇರುವ ಹಂತದಲ್ಲಿ ಆವರಣಗಳು ಕಿವಿಗೆ ಬೀಳುವುದಿಲ್ಲ. ನಾನು ಮೊದಲು ದುಂಡು ಆವರಣ ಹಾಕಿ ಕೊಟ್ಟ ಪುಟಗಳಲ್ಲಿ ಸುತ್ತುಗಳು ಅವರಿಗೆ ಗೊತ್ತೇ ಆಗಿರಲಿಲ್ಲ. “ಅಣ್ಣಾ, ಈ ಪಾಠದಲ್ಲಿ ಮೇಷ್ಟ್ರು ಏನೂ ಗುರುತು ಹಾಕಿಲ್ಲವಾ?” ಎಂದು ಅವರು ಫೋನಿನಲ್ಲಿ ಕೇಳಿದಾಗಲೇ ನನಗೆ ನನ್ನ ತಪ್ಪಿನ ಅರಿವಾದದ್ದು. ಹೆಸರಿನ ಕ್ರಮದಲ್ಲಿ ಆವರಣ ಕೇಳದಿದ್ದರೂ ‘ಸುತ್ತು’ ಎಂಬ ಮಾತು ಕೇಳುತ್ತದೆ. ಗುರುತು ಎಲ್ಲಿ ಮುಗಿಯಿತು ಎಂಬುದು ಮಾತ್ರ ಆ ಹಂತದಲ್ಲಿ ತಿಳಿಯದು. ಒಂದೆರಡು ಪದಗಳ ಗೆರೆಗೆ ಅದು ದೊಡ್ಡ ಕೊರತೆಯಲ್ಲ, ಸಾಲುದ್ದದ ಬಣ್ಣಕ್ಕೆ ಕೊರತೆಯೇ. ಅಂಥ ಪುಟ ಬಂದಾಗ ಅವರು `NVDA+P` ಒತ್ತಿ ಹಂತವನ್ನು ಏರಿಸಿಕೊಳ್ಳುತ್ತಾರೆ, ಆಗ ಮುಚ್ಚುವ ಆವರಣವೂ ಉಚ್ಚಾರವಾಗುತ್ತದೆ. ಸಾಮಾನ್ಯ ಓದಿಗೆ ಮತ್ತೆ ಇಳಿಸುತ್ತಾರೆ.

ಹೆಸರುಗಳ ಆಯ್ಕೆಯಲ್ಲಿ ಒಂದು ಎಚ್ಚರಿಕೆ ಬೇಕು. ‘ಮುಖ್ಯ’, ‘ಪ್ರಶ್ನೆ ಬರಬಹುದು’ ಎಂಬಂಥ ಹೆಸರುಗಳನ್ನು ಇಡಬಾರದು. ಮೇಷ್ಟ್ರು ಸುತ್ತು ಹಾಕಿದ್ದು ಮುಖ್ಯವೆಂದೋ ಅಚ್ಚಿನ ತಪ್ಪೆಂದೋ ಟೈಪ್ ಮಾಡುವವರಿಗೆ ಗೊತ್ತಿರುವುದಿಲ್ಲ. ಕಂಡ ಆಕಾರವನ್ನು ಹೇಳುವುದಷ್ಟೇ ನಮ್ಮ ಕೆಲಸ. ಕಡತದ ತಲೆಯಲ್ಲಿ ಮೂರು ಹೆಸರುಗಳ ವಿವರಣೆಯನ್ನು ಒಂದೊಂದು ಸಾಲಿನಲ್ಲಿ ಬರೆದರೆ ಸಾಕು. ಎರಡು ಬಣ್ಣದ ಹೈಲೈಟರ್ ಇದ್ದರೆ ‘ಹಳದಿ’, ‘ಹಸಿರು’ ಎಂದೇ ಹೆಸರಿಡಬಹುದು, ಆಗ ಆ ಹೆಸರುಗಳನ್ನೂ ಸೂತ್ರದೊಳಗೆ ಸೇರಿಸಿಕೊಳ್ಳಬೇಕು.

ಪದದ ಒಂದು ಭಾಗಕ್ಕೆ ಮಾತ್ರ ಗುರುತಿದ್ದಾಗ ಏನು ಮಾಡಬೇಕು ಎಂಬುದು ಕನ್ನಡದಲ್ಲಿ ಪದೇ ಪದೇ ಏಳುವ ಪ್ರಶ್ನೆ. ಅವಸರದಲ್ಲಿ ಎಳೆದ ಗೆರೆ ‘ಮದಕರಿನಾಯಕನಿಂ’ವರೆಗೆ ಬಂದು ನಿಂತಿದ್ದರೆ ಪೂರ್ತಿ ಪದಕ್ಕೆ ಗುರುತು ಹಾಕುವುದು ನ್ಯಾಯ. ಆದರೆ ವ್ಯಾಕರಣದ ಪಾಠದಲ್ಲಿ ಪ್ರತ್ಯಯಕ್ಕೇ ಬೇಕೆಂದು ಸುತ್ತು ಹಾಕಿರುತ್ತಾರೆ. ‘ಕೋಟೆಯನ್ನು’ ಎಂಬಲ್ಲಿ `ಕೋಟೆ[ಸುತ್ತು: ಯನ್ನು]` ಎಂದು ಬರೆಯಲು ಅಡ್ಡಿಯಿಲ್ಲ. ಯಕಾರ ಆಗಮವಾಗಿ ಬಂದದ್ದು, ಪ್ರತ್ಯಯ ‘ಅನ್ನು’ ಎಂಬುದು ಪಾಠದ ವಿಷಯವೇ ಹೊರತು ಟೈಪಿನದಲ್ಲ. ‘ರಾಮನನ್ನು’ ಎಂಬಲ್ಲೂ ‘ಅನ್ನು’ವನ್ನು ಬೇರ್ಪಡಿಸಲು ಆಗುವುದೇ ಇಲ್ಲ, ಏಕೆಂದರೆ ಮೊದಲನೆಯ ‘ನ’ದೊಳಗಿನ ಅಕಾರಕ್ಕೆ ಗಣಕದಲ್ಲಿ ಬೇರೆ ಸಂಕೇತವಿಲ್ಲ. ಅಲ್ಲಿ `ರಾಮ[ಸುತ್ತು: ನನ್ನು]` ಎಂದು ಕಂಡಷ್ಟನ್ನೇ ಬರೆಯುತ್ತೇನೆ. ಹೀಗೆ ಒಡೆದ ಪದ ಹುಡುಕಿದಾಗ ಸಿಗುವುದಿಲ್ಲ ಎಂಬ ನಷ್ಟವನ್ನು ಒಪ್ಪಿಕೊಳ್ಳಲೇಬೇಕು.

ಒಸಿಆರ್ ಬಳಸಿದ ಪುಟಗಳಲ್ಲಿ ಗೆರೆ ಎಳೆದ ಪದಗಳನ್ನು ಬೇರೆಯಾಗಿ ಮತ್ತೊಮ್ಮೆ ಓದುವುದು ಅಗತ್ಯ. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ, ಪೆನ್ನಿನ ಗೆರೆಯೂ ಅಲ್ಲೇ ಹಾಯುತ್ತದೆ. ಗೆರೆ ಒತ್ತಿಗೆ ತಗುಲಿದಾಗ ‘ಕೋಟೆಯನ್ನು’ ಎಂಬುದು ‘ಕೋಟೆಯನು’ ಎಂದಾಗಬಹುದು, ‘ತಾಲ್ಲೂಕು’ ‘ತಾಲೂಕು’ ಆಗಬಹುದು. ಇವು ಬಳಕೆಯಲ್ಲಿರುವ ರೂಪಗಳೇ ಆದ್ದರಿಂದ ಕಾಗುಣಿತ ಪರೀಕ್ಷೆಗೆ ಸಿಕ್ಕಿಬೀಳುವುದಿಲ್ಲ. ಫೋಟೊವನ್ನು ಹಿಗ್ಗಿಸಿ, ಗೆರೆಯ ಕೆಳಗೆ ಒತ್ತಿನ ಬಾಲ ಹೊರಬಂದಿದೆಯೇ ಎಂದು ನೋಡುವುದೊಂದೇ ಉಪಾಯ.

ಐದನೆಯ ಕ್ರಮದಲ್ಲಿ ಪಾಠವನ್ನು ಶುದ್ಧವಾಗಿ ಬರೆದು, ಗುರುತುಗಳನ್ನು ಕೊನೆಯಲ್ಲಿ ಪಟ್ಟಿ ಮಾಡಲಾಗುತ್ತದೆ.

```
ಗೆರೆ, ವಾಕ್ಯ 1: ಕೊನೆಯವನಾದ ಮದಕರಿನಾಯಕನಿಂದ
ಸುತ್ತು, ವಾಕ್ಯ 1: 1779
ಬಣ್ಣ, ವಾಕ್ಯ 2: ವಾಣಿವಿಲಾಸ … ವೇದಾವತಿ
ಸುತ್ತು, ವಾಕ್ಯ 2: ಮಾರಿಕಣಿವೆ
ಗೆರೆ, ವಾಕ್ಯ 2: ವೇದಾವತಿ ನದಿಗೆ
```

ದಾಟುವ ಗೆರೆಯನ್ನು ಇಲ್ಲಿ ಒಡೆಯಬೇಕಾಗಿಲ್ಲ, ಹುಡುಕಾಟವೂ ಕೆಡುವುದಿಲ್ಲ. ಪಾಠವನ್ನು ಮುದ್ರಣಕ್ಕೆ ಕೊಡುವವರಿಗೆ ಅಥವಾ ಉಲ್ಲೇಖಿಸುವವರಿಗೆ ಇದು ನಾಲ್ಕನೆಯದಕ್ಕಿಂತ ಮೇಲು. ಸಾಲಿನ ಸಂಖ್ಯೆಯನ್ನು ಕೊಡದೆ ವಾಕ್ಯದ ಸಂಖ್ಯೆಯನ್ನು ಕೊಟ್ಟಿದ್ದೇನೆ, ಏಕೆಂದರೆ ಫೋಟೊದ ಸಾಲು ಮುರಿಯುವ ಕಡೆ ಕಡತದ ಸಾಲು ಮುರಿಯುವುದಿಲ್ಲ. ಒಂದೇ ವಾಕ್ಯದಲ್ಲಿ ಒಂದೇ ಪದ ಎರಡು ಸಲ ಬಂದರೆ ಎಷ್ಟನೆಯದು ಎಂಬುದನ್ನೂ ಸೇರಿಸಬೇಕು. ಆದರೆ ಕಿವಿಯಿಂದ ಓದುವವರು ಪಾಠಕ್ಕೂ ಪಟ್ಟಿಗೂ ನಡುವೆ ಓಡಾಡುತ್ತಲೇ ಇರಬೇಕಾಗುತ್ತದೆ. ಇಸವಿ ಕೇಳಿದ ಕ್ಷಣದಲ್ಲೇ ಅದಕ್ಕೆ ಸುತ್ತಿದೆ ಎಂದು ತಿಳಿಯುವ ಅನುಕೂಲ ಇಲ್ಲಿಲ್ಲ.

ಹೀಗಾಗಿ ವಿದ್ಯಾರ್ಥಿನಿಗೆ ಕಳಿಸುವ ಪುಟಗಳಿಗೆ ನಾಲ್ಕನೆಯ ಕ್ರಮವನ್ನೇ ಬಳಸುತ್ತೇನೆ. ಮೇಷ್ಟ್ರು ಪುನರಾವರ್ತನೆಗೆಂದು ಮೂರು ಸಲ ಓದಿ, ಮೂರು ಸಲವೂ ಗುರುತು ಹಾಕಿದ ಪುಟಗಳು ಆಗಾಗ ಬರುತ್ತವೆ. ಅಲ್ಲಿ ಒಂದೇ ವಾಕ್ಯದಲ್ಲಿ ‘ಮುಂದು’ ಎಂಬ ಮಾತು ಎರಡಕ್ಕಿಂತ ಹೆಚ್ಚು ಸಲ ಬರುವಂತಿದ್ದರೆ ಆ ಪುಟವನ್ನು ಮಾತ್ರ ಪಟ್ಟಿಯ ಕ್ರಮಕ್ಕೆ ಬದಲಿಸಿ, ಬದಲಿಸಿದ್ದೇನೆ ಎಂಬುದನ್ನು ಪುಟದ ಮೊದಲ ಸಾಲಿನಲ್ಲೇ ಬರೆಯುತ್ತೇನೆ.